ಡ್ಯಾಮ್ ರೀಲ್ ನೋಡಿ ಬಂದವರಿಗೆ ಮೋಟರ್ ಅಂಗಡಿ ಕಾಣಬೇಕಲ್ವಾ?

ಹೊಸಬರು ಯಾರೂ ನಿಮ್ಮ ಇನ್‌ಸ್ಟಾಗ್ರಾಂ ಪೇಜನ್ನು ಹುಡುಕಿಕೊಂಡು ಬರುವುದಿಲ್ಲ. ಎಲ್ಲೋ ನಿಮ್ಮದೊಂದು ರೀಲ್ ಕಣ್ಣಿಗೆ ಬೀಳುತ್ತೆ. ಚೆನ್ನಾಗಿದೆ ಅನ್ನಿಸುತ್ತೆ. ‘ಯಾರಪ್ಪ ಇವನು’ ಅಂತ ಹೆಸರಿನ ಮೇಲೆ ಒತ್ತುತ್ತಾರೆ. ಆಗ ತೆರೆಯ ಮೇಲೆ ಬರುವುದು ಇಷ್ಟೇ: ಒಂದು ಸಣ್ಣ ಗುಂಡು ಫೋಟೋ, ಹೆಸರು, ಮೂರ್ನಾಲ್ಕು ಸಾಲು ಬಯೋ, ಅದರ ಕೆಳಗೆ ಮೊದಲ ಸಾಲಿನ ಮೂರು ವಿಡಿಯೋ. ಫಾಲೋ ಒತ್ತಬೇಕಾ, ವಾಪಸ್ ಹೋಗಬೇಕಾ ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗಿಬಿಡುತ್ತೆ. ಕೆಳಗೆ ಇನ್ನೂರು ವಿಡಿಯೋ ಇದ್ದರೂ ಅವು ಆ ತೀರ್ಮಾನಕ್ಕೆ ಬರುವುದೇ ಇಲ್ಲ.

ಗಂಗಾವತಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಜಾತ್ರೆ ಫ್ಲೆಕ್ಸ್. ಈಚೆಗೆ ಹುಡುಗರು ‘ಅಣ್ಣ, ಇನ್‌ಸ್ಟಾಗೆ ಡಿಪಿ ಮಾಡಿಕೊಡು, ರೀಲ್‌ಗೆ ಕವರ್ ಮಾಡಿಕೊಡು’ ಅಂತ ಬರುವುದು ಜಾಸ್ತಿಯಾಗಿದೆ. ಹಾಗಾಗಿ ಬೇರೆಯವರ ಪೇಜುಗಳನ್ನು ತಲೆಯಿಂದ ಕಾಲಿನವರೆಗೆ ನೋಡುವ ಕೆಲಸ ನನಗೆ ತಾನಾಗೇ ಬಂದಿದೆ. ಅದರಲ್ಲಿ ಒಂದನ್ನು ಇಲ್ಲಿ ಬಿಚ್ಚಿ ಹೇಳುತ್ತೇನೆ. ಅದು ನಮ್ಮ ಚಿಕ್ಕಮ್ಮನ ಮಗನದು.

ಅವನದು ಕಾರಟಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಮುತ್ತ ಭತ್ತದ ಗದ್ದೆ, ಬೋರು, ಹಳ್ಳಕ್ಕೆ ಇಟ್ಟ ಪಂಪು. ಸುಟ್ಟ ಮೋಟರಿಗೇನು ಬರವಿಲ್ಲ. ಕೆಲಸ ಮಾಡುತ್ತಾ ಮೊಬೈಲ್ ಇಟ್ಟು ವಿಡಿಯೋ ಮಾಡುತ್ತಾನೆ. ಮೋಟರ್ ಬಿಚ್ಚಿದ ಕೂಡಲೇ ಒಳಗಿನ ತಂತಿ ತೋರಿಸಿ, ಯಾಕೆ ಸುಟ್ಟಿತು ಅಂತ ರೈತರ ಭಾಷೆಯಲ್ಲೇ ಹೇಳುತ್ತಾನೆ. ನಿಜಕ್ಕೂ ಚೆನ್ನಾಗಿ ಹೇಳುತ್ತಾನೆ. ಆದರೆ ಆ ವಿಡಿಯೋಗಳನ್ನು ನೋಡುವವರು ಇರಲಿಲ್ಲ.

ಅವನ ಪೇಜಿನಲ್ಲಿ ಓಡಿದ್ದು ಬೇರೆಯದೇ ಒಂದು ವಿಡಿಯೋ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ನಮ್ಮ ಕಡೆ ಎಲ್ಲರ ಎದೆಯೂ ಡವಡವ ಅಂದಿತ್ತು. ತುಂಬಿದ ಡ್ಯಾಮು ಖಾಲಿಯಾದರೆ ಭತ್ತದ ಗತಿ ಏನು ಅಂತ. ಇವನು ಬೈಕ್ ಹತ್ತಿ ಮುನಿರಾಬಾದ್ ಕಡೆ ಹೋಗಿ, ದೂರದಿಂದಲೇ ಆ ನೀರಿನ ಭೋರ್ಗರೆತ ಹಿಡಿದು ಹಾಕಿದ. ಆ ರೀಲ್ ಎಲ್ಲೆಲ್ಲೋ ಹೋಯಿತು. ಖುಷಿಯಾಗಿ ಅದನ್ನೇ ಮೇಲೆ ಪಿನ್ ಮಾಡಿದ. ಪಕ್ಕದಲ್ಲಿ ಕೊಪ್ಪಳದ ಗವಿಮಠ ಜಾತ್ರೆಯ ತೇರಿನ ರೀಲು. ಅದರ ಪಕ್ಕದಲ್ಲಿ ಹೊಸ ಬುಲೆಟ್ ಗಾಡಿ ತಗೊಂಡ ದಿನದ್ದು. ಮೂರು ಪಿನ್, ಮೂರರಲ್ಲೂ ಮೋಟರ್ ಇಲ್ಲ.

ಬಯೋ ಹೀಗಿತ್ತು:

ಹಳ್ಳಿ ಹೈದ 🌾
ರೈತನ ಮಗ
ಕನ್ನಡವೇ ಉಸಿರು 💛❤️
ಅಪ್ಪ ಅಮ್ಮನೇ ದೇವರು
ಕೇಕ್ ಕತ್ತರಿಸೋ ದಿನ ಜೂನ್ 7

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಯಾವ ಹುಡುಗನ ಪೇಜಿಗೆ ಬೇಕಾದರೂ ಇದನ್ನು ಎತ್ತಿ ಅಂಟಿಸಬಹುದು. ಬಯೋ ಹೇಗಿದೆ ಅಂತ ನೋಡಲು ನಾನು ಮೊದಲು ಮಾಡುವುದೇ ಇದನ್ನು. ಇದನ್ನು ಬೇರೆಯವರ ಪೇಜಿಗೆ ಹಾಕಿದರೂ ನಡೆಯುತ್ತಾ? ನಡೆಯುತ್ತೆ ಅಂದರೆ ಅದು ಬಂದವರಿಗೆ ಏನೂ ಹೇಳುತ್ತಿಲ್ಲ.

ಇನ್ನೊಂದು ಪರೀಕ್ಷೆ ಇದೆ. ನಿಮ್ಮನ್ನು ಗೊತ್ತಿಲ್ಲದವರ ಮುಂದೆ ಪೇಜ್ ತೆರೆದು ಹಿಡಿಯಿರಿ, ಐದು ಎಣಿಸಿ, ಫೋನ್ ತಿರುಗಿಸಿಬಿಡಿ. ಆಮೇಲೆ ಕೇಳಿ: ಇದು ಏನು ಪೇಜು? ಇಲ್ಲಿ ಮುಂದೆ ಏನು ಬರಬಹುದು? ಸ್ನೇಹಿತರ ಹತ್ತಿರ ಕೇಳಬೇಡಿ, ಅವರಿಗೆ ನಿಮ್ಮ ಅಂಗಡಿ ಮೊದಲೇ ಗೊತ್ತು, ಪೇಜ್ ಓದದೆಯೇ ಉತ್ತರ ಕೊಡುತ್ತಾರೆ. ನಾನು ಫೋಟೋ ತೆಗೆಸಲು ಬಂದು ಬೆಂಚಿನ ಮೇಲೆ ಕೂತವರಿಗೆ ತಮ್ಮನ ಪೇಜ್ ತೋರಿಸಿದೆ. ಒಬ್ಬರು ‘ಡ್ಯಾಮ್ ಸುದ್ದಿ ಹಾಕೋದೇನ್ರಿ’ ಅಂದರು. ಇನ್ನೊಬ್ಬರು ಜಾತ್ರೆ ಪೇಜ್ ಅಂದರು. ಆಧಾರ್‌ಗೆ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಅಜ್ಜಿಗೆ ನಾನೇ ಬಯೋ ಓದಿ ಹೇಳಿದೆ. ‘ಕೇಕಿನ ತಾರೀಖು ಯಾಕ ಹಾಕ್ಯಾನೋ ಯಪ್ಪಾ, ಯಾರರ ಹೆಣ್ಣು ಕೊಡ್ಲಿ ಅಂತೇನು’ ಅಂದುಬಿಟ್ಟಳು. ಮೋಟರ್ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಭಾನುವಾರ ಸ್ಟುಡಿಯೋಗೆ ತಮ್ಮ ಬಂದಾಗ ಇದನ್ನೆಲ್ಲ ಹೇಳಿದೆ. ಮುಖ ಗಂಟು ಹಾಕಿಕೊಂಡ. ಬಯೋ ಬದಲಿಸಲು ಒಪ್ಪಿದ, ಡ್ಯಾಮ್ ರೀಲ್ ತೆಗೆಯಲು ಮಾತ್ರ ಸುತರಾಂ ಒಪ್ಪಲಿಲ್ಲ. ‘ಅಣ್ಣ, ಬಂದೋರೆಲ್ಲಾ ಅದನ್ನ ನೋಡೇ ಬಂದಾರ. ಅದನ್ನ ತಗದ್ರ ಪೇಜಿನ್ಯಾಗ ಏನ್ ಉಳಿತೈತಿ?’

ಮೊದಲು ಬಯೋ ಕೆಲಸ ಮುಗಿಸೋಣ ಅಂದೆ.

ಇನ್‌ಸ್ಟಾಗ್ರಾಂ ಬಯೋಗೆ ಇರುವ ಜಾಗ 150 ಅಕ್ಷರ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತಾಪತ್ರಯ ಇದೆ. ನಾವು ಒಂದು ಅಕ್ಷರ ಅನ್ನುವುದನ್ನು ಫೋನ್ ಒಂದು ಅಂತ ಎಣಿಸುವುದಿಲ್ಲ. ಕಾಗುಣಿತದ ಗುರುತು ಬೇರೆ, ಒತ್ತಕ್ಷರ ಬೇರೆ, ಸೊನ್ನೆ ಬೇರೆ. ‘ಕೊಪ್ಪಳ’ ನಮಗೆ ಮೂರಕ್ಷರ, ಅದಕ್ಕೆ ಆರು: ಕ, ಓತ್ವ, ಪ, ಒತ್ತು ಕೂಡಿಸುವ ಗುರುತು, ಇನ್ನೊಂದು ಪ, ಳ. ‘ಸ್ಟಾರ್ಟರ್’ ಅನ್ನೋದು ಒಂಬತ್ತು ತಿನ್ನುತ್ತೆ. ಹಾಗಾಗಿ ಕನ್ನಡದಲ್ಲಿ 150 ಅಂದರೆ ಕೈಗೆ ಸಿಗುವುದು ಸುಮಾರು ಹದಿನೈದು–ಇಪ್ಪತ್ತು ಪದ. ಅಷ್ಟರಲ್ಲಿ ‘ಕನ್ನಡವೇ ಉಸಿರು’ ಅಂತ ಹೇಳಬೇಕಾ? ಇಡೀ ಪೇಜು ಕನ್ನಡದಲ್ಲೇ ಇದೆ, ನೋಡಿದವರಿಗೆ ಕಾಣುತ್ತೆ.

ಬಯೋ ಉದ್ದವಾದರೆ ಅದರ ಕೊನೆಯನ್ನು ಮಡಚಿಟ್ಟು ‘ಇನ್ನಷ್ಟು’ ಅಂತ ತೋರಿಸುತ್ತೆ. ಅದನ್ನು ಒತ್ತಿ ಓದುವ ತಾಳ್ಮೆ ಹೊಸಬರಿಗೆ ಇರುವುದಿಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ಯಾರಿಗೆ, ಏನು ಅನ್ನೋದು ಬಂದುಬಿಡಬೇಕು. ಅಂಗಡಿ ಬೋರ್ಡ್ ಮಾಡಿಸಲು ಬಂದವರಿಗೂ ನಾನು ಇದೇ ಹೇಳುವುದು: ಬೈಕಿನಲ್ಲಿ ಹೋಗೋನು ಓದಬೇಕು, ನಿಂತವನಲ್ಲ.

ನಾನು ತಮ್ಮನಿಗೆ ಕೇಳಿದ ಪ್ರಶ್ನೆ ಒಂದೇ. ‘ನಿನ್ನ ವಿಡಿಯೋದಾಗ ಏನಾಗ್ತೈತಿ? ಹತ್ತಿರದ ಊರಿನ ರೈತಗ ಹೇಳಿದಂಗ ಹೇಳು.’ ಅವನು ಸ್ವಲ್ಪ ಯೋಚಿಸಿ, ‘ಸುಟ್ಟ ಮೋಟರ್ ಬಿಚ್ಚಿ, ಯಾಕ ಸುಟ್ಟಿತು ಅಂತ ತೋರಸ್ತೀನಿ’ ಅಂದ. ಮೊದಲ ಸಾಲು ಸಿಕ್ಕಿತು. ಅವನ ಬಾಯಿಂದಲೇ ಬಂತು, ನಾನು ಬರೆದಿದ್ದಲ್ಲ. ‘ಎಲೆಕ್ಟ್ರಿಕಲ್ ಕಂಟೆಂಟ್ ಕ್ರಿಯೇಟರ್’ ಅಂತ ಹಾಕಬೇಕು ಅಂತ ಅವನಿಗೆ ಆಸೆ ಇತ್ತು. ಹಾಗೆ ಬರೆದರೆ ಫ್ಯಾನ್ ಜೋಡಿಸೋದಾ, ಮನೆ ವೈರಿಂಗ್ ಮಾಡೋದಾ, ಏನೂ ತಿಳಿಯುವುದಿಲ್ಲ. ‘ಸುಟ್ಟ ಮೋಟರ್’ ಅಂದರೆ ಸಾಕು, ಯಾರ ಮೋಟರ್ ಸುಟ್ಟಿದೆಯೋ ಅವನು ನಿಲ್ಲುತ್ತಾನೆ.

ಕೊನೆಗೆ ಹೀಗಾಯಿತು:

ಸುಟ್ಟ ಮೋಟರ್ ಬಿಚ್ಚಿ, ಯಾಕೆ ಸುಟ್ಟಿತು ಅಂತ ತೋರಿಸ್ತೀನಿ
ಪಂಪು, ಸ್ಟಾರ್ಟರ್, ಕೇಬಲ್ ರಿಪೇರಿ
ಅಂಗಡಿ: ಕಾರಟಗಿ, ಭಾನುವಾರ ರಜೆ
ಮೋಟರ್ ತರೋ ಮುಂಚೆ ವಾಟ್ಸಾಪ್ ಮಾಡಿ

ಫೋನಿನ ಲೆಕ್ಕದಲ್ಲಿ 135. ಒಂದೆರಡು ಎಮೋಜಿಗೆ ಜಾಗ ಉಳಿಯಿತು, ಹಾಕಲಿಲ್ಲ. ‘ಭಾನುವಾರ ರಜೆ’ ಯಾಕೆ ಅಂತ ಅವನು ಕೇಳಿದ. ಮೂವತ್ತು ಕಿಲೋಮೀಟರ್‌ನಿಂದ ಟಂಟಂನಲ್ಲಿ ಮೋಟರ್ ಹೇರಿಕೊಂಡು ಬಂದವನು ಮುಚ್ಚಿದ ಅಂಗಡಿ ನೋಡಿ ಬೈಯುವುದು ತಪ್ಪುತ್ತೆ. ಜೊತೆಗೆ, ಇದು ನಿಜವಾದ ಅಂಗಡಿ, ಸುಮ್ನೆ ವಿಡಿಯೋಗೆ ಅಂತ ಮಾಡಿದ್ದಲ್ಲ ಅಂತಲೂ ಗೊತ್ತಾಗುತ್ತೆ.

ಬಯೋದ ಕೆಳಗೆ ಲಿಂಕ್ ಹಾಕಲು ಜಾಗ ಇದೆ, ಐದರವರೆಗೂ ಹಾಕಬಹುದು. ಒಂದೇ ಹಾಕಿದೆವು. ವಾಟ್ಸಾಪ್ ನೇರವಾಗಿ ತೆರೆಯುವ ಲಿಂಕ್, ಮೊಬೈಲ್ ನಂಬರಿನ ಶುರುವಿಗೆ 91 ಸೇರಿಸಿ, ಪ್ಲಸ್ ಗುರುತು ಬಿಟ್ಟು:

```
https://wa.me/91XXXXXXXXXX
```

ಎಕ್ಸ್ ಇರುವ ಕಡೆ ನಿಮ್ಮ ಹತ್ತಂಕಿ ನಂಬರ್. ಬಯೋ ಒಳಗೇ ನಂಬರ್ ಬರೆದರೆ ಹತ್ತಕ್ಷರದ ಜಾಗ ಸುಮ್ನೆ ಹೋಗುತ್ತೆ.

ಇನ್ನು ಹೆಸರು. ತುಂಬಾ ಜನ ಗಮನಿಸದ ಜಾಗ ಇದು. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಬರೆಯುವ ಯೂಸರ್‌ನೇಮ್ ಬೇರೆ, ದಪ್ಪಕ್ಷರದಲ್ಲಿ ಕಾಣುವ ಹೆಸರು ಬೇರೆ. ಯಾರಾದರೂ ಹುಡುಕಿದಾಗ ಈ ಎರಡನ್ನೂ ನೋಡುತ್ತೆ. ತಮ್ಮನ ದಪ್ಪಕ್ಷರದ ಜಾಗದಲ್ಲಿ ಅವನ ಹೆಸರಿನ ಮುಂದೆ ‘ಕಿಂಗ್’ ಅಂತ ಇತ್ತು. ಅದನ್ನು ತೆಗೆದು ‘ಮೋಟರ್ ವೈಂಡಿಂಗ್ ಕಾರಟಗಿ’ ಅಂತ ಮಾಡಿದೆವು. ಯೂಸರ್‌ನೇಮ್ ಇಂಗ್ಲಿಷಿನಲ್ಲೇ ಇರಬೇಕಾಗಿರುವುದರಿಂದ ಅದರಲ್ಲಿ `motor` ಮತ್ತು `karatagi` ಬರುವ ಹಾಗೆ ನೋಡಿಕೊಂಡೆವು. ನಮ್ಮ ಕಡೆ ಜನ ಕನ್ನಡದಲ್ಲೂ ಹುಡುಕುತ್ತಾರೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೂ ಹುಡುಕುತ್ತಾರೆ. ಹೀಗೆ ಮಾಡಿದರೆ ಎರಡೂ ಕಡೆ ಸಿಗುತ್ತಾನೆ. ಹೆಸರು ಬದಲಿಸುವಾಗ ಒಂದು ಎಚ್ಚರ: 14 ದಿನದಲ್ಲಿ ಎರಡೇ ಸಲ ಬದಲಿಸಲು ಬಿಡುತ್ತೆ. ಮೊದಲು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡಿ.

ಈಗ ಜಗಳದ ವಿಷಯ, ಪಿನ್.

ಮೂರನ್ನು ಮಾತ್ರ ಪಿನ್ ಮಾಡಬಹುದು. ಸಾಲಿಗೂ ಮೂರೇ ವಿಡಿಯೋ. ಅಂದರೆ ಮೊದಲ ಸಾಲು ಪೂರ್ತಿ ನಿಮ್ಮ ಕೈಯಲ್ಲಿದೆ. ಬಹಳ ಜನ ಅಲ್ಲಿ ಹೆಚ್ಚು ವ್ಯೂಸ್ ಬಂದ ಮೂರನ್ನು ಇಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಹೆಚ್ಚು ವ್ಯೂಸ್ ಬಂದದ್ದು ಯಾಕೆ ಬಂತು ಅಂತ ಮೊದಲು ನೋಡಬೇಕು. ಡ್ಯಾಮ್ ರೀಲ್ ಓಡಿದ್ದು ಗೇಟ್ ಹೋಗಿದ್ದಕ್ಕೆ, ತಮ್ಮನ ಕೆಲಸಕ್ಕಲ್ಲ. ಅದನ್ನು ನೋಡಿ ಫಾಲೋ ಮಾಡಿದವನು ಇನ್ನಷ್ಟು ಡ್ಯಾಮ್ ಬರುತ್ತೆ ಅಂದುಕೊಂಡಿರುತ್ತಾನೆ. ಮರುವಾರ ಅವನ ಫೋನಿಗೆ ಬರುವುದು ಮೋಟರಿನ ಬುಶ್ಶು. ಹೆಬ್ಬೆರಳು ಮೇಲಕ್ಕೆ ಹೋಗುತ್ತೆ. ಎಣಿಕೆಯಲ್ಲಿ ಫಾಲೋವರ್, ನೋಡುವುದರಲ್ಲಿ ಇಲ್ಲ. ತಮ್ಮನ ಗೋಳೂ ಅದೇ ಆಗಿತ್ತು. ಇಷ್ಟು ಸಾವಿರ ಜನ ಇದ್ದಾರೆ, ಮೋಟರ್ ವಿಡಿಯೋಗೆ ಮಾತ್ರ ಯಾರೂ ಬರುವುದಿಲ್ಲ ಅಂತ.

ಪಿನ್ ಮಾಡಬೇಕಾದ್ದು ಮುಂದೆಯೂ ನೀವು ಮಾಡುತ್ತಲೇ ಇರುವಂಥದ್ದನ್ನು. ಅದಕ್ಕೆ ವ್ಯೂಸ್ ಕಡಿಮೆ ಇದ್ದರೂ ಪರವಾಗಿಲ್ಲ.

ತಮ್ಮನ ಹಳೇ ವಿಡಿಯೋಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಹೋದೆವು. ಒಂದು ಸಿಕ್ಕಿತು. ಬಿಚ್ಚಿದ ಮೋಟರಿನ ಒಳಗೆ ಕ್ಯಾಮೆರಾ ಹಿಡಿದಿದ್ದಾನೆ. ಕೆಲವು ಸುರುಳಿ ಕರಕಲು, ಅವುಗಳ ನಡುವೆ ಕೆಲವು ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿವೆ. ಬೆರಳಿಟ್ಟು ತೋರಿಸುತ್ತಾ ಹೇಳುತ್ತಾನೆ: ‘ನೋಡ್ರಿ, ಎರಡು ಫೇಸಿಂದು ಸುಟ್ಟೈತಿ, ಒಂದರದು ಹಂಗ ಐತಿ. ಟಿಸಿ ಕಡೆ ಒಂದು ಫೇಸ್ ಹೋಗೇತಿ, ನಿಮಗ ಗೊತ್ತಾಗಿಲ್ಲ. ಮೋಟರ್ ನಿಂದ್ರಲಿಲ್ಲ, ಎರಡರ ಮ್ಯಾಲೇ ಓಡೇತಿ.’ ಓಡುತ್ತಿರುವ ಮೋಟರಿಗೆ ಮೂರರಲ್ಲಿ ಒಂದು ಫೇಸ್ ತಪ್ಪಿದರೆ ಉಳಿದ ಎರಡು ಫೇಸ್‌ಗಳ ಮೇಲೇ ಎಲ್ಲ ಭಾರ ಬಿದ್ದು ವೈಂಡಿಂಗ್ ಬಿಸಿಯಾಗಿ ಸುಡುತ್ತೆ. ಸುರುಳಿಗಳನ್ನು ಸ್ಟಾರ್ ರೀತಿಯಲ್ಲಿ ಜೋಡಿಸಿದ್ದರೆ ಹೀಗೆ ಎರಡು ಸುಟ್ಟು ಒಂದು ಉಳಿಯುತ್ತೆ. ಡೆಲ್ಟಾ ರೀತಿ ಇದ್ದರೆ ಒಂದು ಸುಟ್ಟು ಎರಡು ಉಳಿಯುತ್ತೆ. ಎಲ್ಲವೂ ಒಂದೇ ಸಮ ಕರಕಲಾಗಿದ್ದರೆ ಕಾರಣ ಬೇರೆ, ವೋಲ್ಟೇಜ್ ಕಡಿಮೆಯೋ, ಪಂಪ್ ಜಾಮ್ ಆಗಿದೆಯೋ ನೋಡಬೇಕು. ಇಷ್ಟನ್ನೂ ಒಂದು ನಿಮಿಷದೊಳಗೆ ಹೇಳಿ ಮುಗಿಸಿದ್ದ. ವ್ಯೂಸ್ ನೋಡಿದರೆ ಅಳು ಬರುತ್ತೆ. ಆದರೆ ಬಯೋದ ಮೊದಲ ಸಾಲು ಏನು ಹೇಳುತ್ತೋ ಈ ವಿಡಿಯೋ ಅದನ್ನೇ ಮಾಡಿ ತೋರಿಸುತ್ತೆ. ಎಡಗಡೆಯ ಮೊದಲ ಜಾಗ ಇದಕ್ಕೆ.

ಎರಡನೆಯದು, ಬಂದವರ ಮನಸ್ಸಿನಲ್ಲಿ ಏಳುವ ಮುಂದಿನ ಪ್ರಶ್ನೆಗೆ. ಅದು ಯಾವುದು ಅಂತ ಊಹಿಸಬೇಕಾಗಿಲ್ಲ, ಕಾಮೆಂಟ್‌ನಲ್ಲೇ ಇರುತ್ತೆ. ತಮ್ಮನ ಮೋಟರ್ ವಿಡಿಯೋಗಳ ಕೆಳಗೆ ಬಂದಿದ್ದ ನಾಲ್ಕಾರು ಕಾಮೆಂಟುಗಳಲ್ಲಿ ಒಂದೇ ಮಾತು: ‘ವೈಂಡಿಂಗ್‌ಗೆ ಎಷ್ಟಾಗುತ್ತೆ?’ ಅದಕ್ಕೆ ಅವನ ಹತ್ತಿರ ವಿಡಿಯೋ ಇರಲಿಲ್ಲ, ಹೊಸದು ಮಾಡಿದ. ದರ ಹೇಳಬೇಡ ಅಂದೆ. ತಾಮ್ರದ ದರ ಏರಿಳಿಯುತ್ತೆ, ಹಳೇ ದರ ಹಿಡಿದುಕೊಂಡು ಬಂದವರ ಜೊತೆ ಅಂಗಡಿಯಲ್ಲಿ ವಾದ ಶುರುವಾಗುತ್ತೆ. ಬದಲಿಗೆ ದರ ಯಾವುದರ ಮೇಲೆ ನಿಲ್ಲುತ್ತೆ ಅನ್ನೋದನ್ನು ತೋರಿಸಿದ: ಎಷ್ಟು ಎಚ್‌ಪಿ, ಎಷ್ಟು ತಾಮ್ರ ಹಿಡಿಯುತ್ತೆ, ಬುಶ್ ಬೇರಿಂಗ್ ಹೋಗಿದೆಯಾ ಇಲ್ಲವಾ. ತಕ್ಕಡಿಯಲ್ಲಿ ತಂತಿ ಇಟ್ಟು ತೂಗಿಯೇ ತೋರಿಸಿದ. ಈ ವಿಡಿಯೋ ಬೇಗ ಹಳೆಯದಾಗುವುದಿಲ್ಲ. ಪಿನ್ ಮಾಡುವಂಥದ್ದಕ್ಕೆ ಈ ಗುಣ ಮುಖ್ಯ. ‘ಈ ವಾರ ಮಾತ್ರ ರಿಯಾಯ್ತಿ’ ಅನ್ನುವ ವಿಡಿಯೋವನ್ನು ಆರು ತಿಂಗಳಾದರೂ ಪಿನ್‌ನಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಮೂರನೆಯದು ಅವನು ಯಾರು ಅನ್ನೋದಕ್ಕೆ. ಅಂಗಡಿ ಮುಂದೆ ನಿಂತು, ಮುಖ ತೋರಿಸಿ, ಅಪ್ಪನ ಹತ್ತಿರ ಕೆಲಸ ಕಲಿತದ್ದು, ಅಂಗಡಿಗೆ ಬರುವ ದಾರಿ, ಅಷ್ಟೇ. ಅರ್ಧ ನಿಮಿಷ ಸಾಕು. ‘ರೈತನ ಮಗ’ ಅಂತ ಬಯೋದಲ್ಲಿ ಬರೆದಿದ್ದನಲ್ಲ, ಅದನ್ನು ಇಲ್ಲಿ ಹೇಳಲಿ, ಕೇಳಲು ಚೆನ್ನಾಗಿರುತ್ತೆ. ಬಯೋದಿಂದ ತೆಗೆದ ಎಷ್ಟೋ ಮಾತಿಗೆ ಇಲ್ಲಿ ಜಾಗ ಸಿಗುತ್ತೆ. ಕೇಕಿನ ತಾರೀಖಿಗೆ ಮಾತ್ರ ಎಲ್ಲೂ ಸಿಗಲಿಲ್ಲ.

ಡ್ಯಾಮ್ ರೀಲ್ ಡಿಲೀಟ್ ಮಾಡಿಲ್ಲ, ಪಿನ್ ಮಾತ್ರ ಬಿಚ್ಚಿದ್ದು. ಅದು ತನ್ನ ತಾರೀಖಿನ ಜಾಗಕ್ಕೆ ಇಳಿದು ಕೂತಿತು. ಈಗಲೂ ಅದನ್ನು ಎಲ್ಲಾದರೂ ನೋಡಿ ಹೆಸರು ಒತ್ತಿ ಬರುವವರಿದ್ದಾರೆ, ಬರಲಿ. ಬಂದ ಮೇಲೆ ಕಾಣುವುದು ಮೋಟರು. ಅವರಲ್ಲಿ ಪಂಪ್ ಇರುವವನು ನಿಲ್ಲುತ್ತಾನೆ, ಉಳಿದವರು ಹೋಗುತ್ತಾರೆ. ಹೋಗಲಿ ಬಿಡಿ.

ಪಿನ್ ಮಾಡುವ ಕ್ರಮದಲ್ಲೊಂದು ಉಲ್ಟಾ ಲೆಕ್ಕ ಇದೆ. ಕೊನೆಗೆ ಪಿನ್ ಮಾಡಿದ್ದು ಎಡಗಡೆ ಮೊದಲು ಬಂದು ಕೂರುತ್ತೆ. ಹಾಗಾಗಿ ಮುಖದ ವಿಡಿಯೋ ಮೊದಲು, ದರದ್ದು ಆಮೇಲೆ, ಸುಟ್ಟ ಮೋಟರ್ ಕೊನೆಗೆ ಪಿನ್ ಮಾಡಿದೆವು. ವಿಡಿಯೋ ತೆರೆದು ಮೂರು ಚುಕ್ಕಿ ಒತ್ತಿದರೆ ಪಿನ್ ಮಾಡುವ ಆಯ್ಕೆ ಬರುತ್ತೆ.

ಕವರ್ ನನ್ನ ಕಸುಬು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪಿನ್ ಮಾಡಿದರೂ ಹೊಸಬರು ಅದನ್ನು ತೆರೆದು ನೋಡುವುದಕ್ಕೆ ಮುಂಚೆ ಕವರ್ ನೋಡುತ್ತಾರೆ. ಕವರ್ ಆರಿಸದೆ ಬಿಟ್ಟರೆ ವಿಡಿಯೋದ ಯಾವುದೋ ಒಂದು ಕ್ಷಣ ಕೂರುತ್ತೆ: ಅರ್ಧ ಮುಚ್ಚಿದ ಕಣ್ಣು, ಅಲ್ಲಾಡಿದ ಕೈ. ರೀಲ್ ಉದ್ದಕ್ಕೆ 9:16, ಆದರೆ ಪೇಜಿನ ಚೌಕಟ್ಟಿನಲ್ಲಿ ಅದರ ಮೇಲೂ ಕೆಳಗೂ ಕತ್ತರಿಸಿ ತೋರಿಸುತ್ತೆ. ಮೊದಲು ಚಚ್ಚೌಕ ಇತ್ತು, 2025ರ ಜನವರಿಯಿಂದ ಉದ್ದ ಚೌಕಟ್ಟು ಬಂದಿದೆ. ಆಗ ಚಚ್ಚೌಕವಾಗಿಯೇ ಹಾಕಿದ ಹಳೇ ಪೋಸ್ಟ್‌ಗಳಲ್ಲಿ ಈಗ ಬದಿಯ ಅಕ್ಷರ ಕತ್ತರಿಸಿ ಹೋಗಿರಬಹುದು, ಒಮ್ಮೆ ನೋಡಿಕೊಳ್ಳಿ. ನಾನು ಅಕ್ಷರವನ್ನು ನಟ್ಟನಡುವೆ ಇಡುತ್ತೇನೆ, ಮೂರು ನಾಲ್ಕು ಪದ ಮೀರುವುದಿಲ್ಲ. ತಮ್ಮನ ಮೂರಕ್ಕೆ ಬರೆದದ್ದು: ‘ಯಾಕೆ ಸುಟ್ಟಿತು?’, ‘ದುಡ್ಡು ಎಷ್ಟಾಗುತ್ತೆ?’, ‘ಅಂಗಡಿ ಎಲ್ಲಿದೆ?’ ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲು ಬರೆದರೆ ನಡುವೆ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ಹೆಬ್ಬೆಟ್ಟಿನಷ್ಟು ಚಿತ್ರದಲ್ಲಿ ಎಲ್ಲ ಕಲಸಿಹೋಗುತ್ತೆ. ತೆಳು ಫಾಂಟ್ ಬೇಡವೇ ಬೇಡ.

ಯೂಟ್ಯೂಬ್ ಇದ್ದವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಬರೆಯಲು 1,000 ಅಕ್ಷರ ಇದೆ, ಆದರೆ ಚಾನೆಲ್ ತೆರೆದ ಕೂಡಲೇ ಕಾಣುವುದು ಅದರ ಮೊದಲ ಮಾತುಗಳಷ್ಟೇ. ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಅಂತ ಶುರು ಮಾಡಿದರೆ ಕಾಣುವ ಜಾಗ ಅಲ್ಲಿಗೇ ಮುಗಿಯಿತು. ಸಬ್‌ಸ್ಕ್ರೈಬ್ ಆಗದವರಿಗೆ ಒಂದು ಟ್ರೈಲರ್, ಆದವರಿಗೆ ಬೇರೆ ವಿಡಿಯೋ ತೋರಿಸುವ ವ್ಯವಸ್ಥೆಯೂ ಅಲ್ಲಿದೆ. ತಮ್ಮ ಅಲ್ಲೂ ಸುಟ್ಟ ಮೋಟರಿನ ಉದ್ದ ವಿಡಿಯೋವನ್ನೇ ಟ್ರೈಲರ್ ಮಾಡಿದ್ದಾನೆ.

ಬದಲಿಸಿದ್ದು ಕೆಲಸ ಮಾಡಿತಾ ಇಲ್ಲವಾ ಅಂತ ಹೇಗೆ ತಿಳಿಯುವುದು? ಅಕೌಂಟನ್ನು ಪ್ರೊಫೆಷನಲ್ ಅಂತ ಬದಲಿಸಿಕೊಂಡರೆ ಇನ್‌ಸೈಟ್ಸ್ ಸಿಗುತ್ತೆ. ಅದರಲ್ಲಿ ಪೇಜಿಗೆ ಎಷ್ಟು ಜನ ಬಂದರು, ಎಷ್ಟು ಜನ ಫಾಲೋ ಮಾಡಿದರು, ಲಿಂಕ್ ಎಷ್ಟು ಸಲ ಒತ್ತಿದರು ಅಂತ ಇರುತ್ತೆ. ವ್ಯೂಸ್ ನೋಡಬೇಡಿ, ಬಯೋ ಚೆನ್ನಾದರೆ ವ್ಯೂಸ್ ಏರುವುದಿಲ್ಲ. ಬಂದವರಲ್ಲಿ ಎಷ್ಟು ಪಾಲು ಉಳಿದರು ಅನ್ನೋದನ್ನು ನೋಡಿ. ಯಾವುದೋ ರೀಲ್ ದಿಢೀರ್ ಓಡಿದ ವಾರವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಆಗ ಯಾರ್ಯಾರೋ ಬಂದಿರುತ್ತಾರೆ. ಬಯೋ ಮತ್ತು ಪಿನ್ ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ನಾವು ಬಯೋ ಮೊದಲು ಬದಲಿಸಿ, ಒಂದಷ್ಟು ದಿನ ಬಿಟ್ಟು ಪಿನ್ ಮುಟ್ಟಿದೆವು.

ನನಗೆ ಇನ್‌ಸೈಟ್ಸ್‌ಗಿಂತ ಚೆನ್ನಾಗಿ ಹೇಳಿದ್ದು ಅವನಿಗೆ ಬರುವ ಮೆಸೇಜು. ಮೊದಲು ‘ಬ್ರೋ ಡ್ಯಾಮಿಗೆ ಎಷ್ಟು ನೀರು ಬಂತು’, ‘ಬುಲೆಟ್ ಮೈಲೇಜ್ ಎಷ್ಟು’ ಅಂತ ಬರುತ್ತಿದ್ದವು. ಈಗ ‘5 ಎಚ್‌ಪಿ ಐತ್ರಿ, ಗುಂಯ್ ಅಂತೈತಿ ಎತ್ತವಲ್ದು, ಬಿಚ್ಚಿ ತರ್ಲೇನು?’ ಅಂತ ಬರುತ್ತವೆ. ಕೆಲವರು ಸುಟ್ಟ ವೈಂಡಿಂಗ್ ಫೋಟೋ ತೆಗೆದು ಕಳಿಸುತ್ತಾರೆ, ‘ಎರಡು ಸುಟ್ಟೈತಿ ಒಂದು ಉಳದೈತಿ, ನಿಮ್ಮ ವಿಡಿಯೋದಾಗಿನ ಹಂಗೇ’ ಅಂತ. ಹೊಸ ಫಾಲೋವರ್ ಸಂಖ್ಯೆ ಮೊದಲಿನಷ್ಟು ಭರ್ಜರಿ ಇಲ್ಲ. ತಮ್ಮನಿಗೆ ಅದೊಂದು ಕೊರಗು.

ಇಷ್ಟಾದರೂ ಒಂದು ಕಡೆ ಬಯೋ, ಪಿನ್ ಏನೂ ಮಾಡಲಾಗುವುದಿಲ್ಲ. ಮೇಲಿನ ಸಾಲು ಮೋಟರ್ ಅಂತ ಹೇಳಿ, ಕೆಳಗಿನ ಎರಡು ಸಾಲಿನಲ್ಲಿ ಮತ್ತೆ ಜಾತ್ರೆ, ಬುಲೆಟ್, ಗೆಳೆಯನ ಮದುವೆ ಡ್ಯಾನ್ಸು ಇದ್ದರೆ ಬಂದವರಿಗೆ ಅನುಮಾನ ಬರುತ್ತೆ. ಈ ವರ್ಷ ಗವಿಮಠ ಜಾತ್ರೆ ಹೊತ್ತಿಗೆ ತಮ್ಮನ ಕೈ ತುರಿಸುತ್ತಿತ್ತು. ಸ್ಟೋರಿಗೆ ಹಾಕು, ಬೇಕಿದ್ದರೆ ಹೈಲೈಟ್ ಮಾಡಿಕೋ ಅಂದೆ. ಹಾಕಿದ. ಎರಡು ದಿನ ಬಿಟ್ಟು ನೋಡಿದರೆ ತೇರಿನ ರೀಲೂ ಇದೆ. ಕೇಳಿದ್ದಕ್ಕೆ, ‘ಅಣ್ಣ, ತೇರಿನ ಲೈಟಿಗೆ ಜನರೇಟರ್ ನಂದೇ ರಿಪೇರಿ. ಅದೂ ಮೋಟರ್ ಲೆಕ್ಕಕ್ಕ ಬರ್ತೈತಿ’ ಅಂದ. ಪಿನ್ ಅಂತೂ ಮಾಡಿರಲಿಲ್ಲ. ಸರಿ, ಇರಲಿ ಬಿಡು ಅಂದೆ.